ಇಂಟರ್ನ್‌ಶಿಪ್ ಮುಗಿದ ಮೇಲೆ ಬರೆಯಬೇಕಾದ ಎರಡು ಪತ್ರಗಳು

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ನಿಮ್ಮ ಮಗನೋ ಮಗಳೋ ಈಗ ಡಿಪ್ಲೊಮಾ ಅಥವಾ ಪದವಿ ಓದುತ್ತಿದ್ದರೆ, ಇಂದಲ್ಲ ನಾಳೆ ‘ಇಂಟರ್ನ್‌ಶಿಪ್’ ಎಂಬ ಮಾತು ನಿಮ್ಮ ಮನೆಗೂ ಬರುತ್ತದೆ. ಮಗು ಕೆಲವು ವಾರ ಯಾವುದೋ ಕಾರ್ಖಾನೆ, ಲ್ಯಾಬ್ ಅಥವಾ ಕಚೇರಿಗೆ ಹೋಗಿ ಕೆಲಸ ಕಲಿಯುತ್ತದೆ. ಕೊನೆಯ ದಿನ ಸರ್ಟಿಫಿಕೇಟ್ ಕೈಗೆ ಬರುತ್ತದೆ. ಅದನ್ನು ಕಾಲೇಜಿಗೆ ಕೊಟ್ಟರೆ ಆಯಿತು, ಮುಗಿಯಿತು ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಗಳ ವಿಷಯದಲ್ಲಿ ತಪ್ಪು ಮಾಡಿ, ಮಗನ ವಿಷಯದಲ್ಲಿ ತಿದ್ದಿಕೊಂಡೆ. ಆ ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ನಮ್ಮದು ತಾಳವಾಡಿ ಕಡೆಯ ಹಳ್ಳಿ. ಮಗಳು ಪದವಿ ಓದುವಾಗ ಕೊಯಮತ್ತೂರಿನ ಒಂದು ಲ್ಯಾಬಿನಲ್ಲಿ ಎರಡು ತಿಂಗಳು ಇದ್ದಳು. ಅಲ್ಲಿನ ಹಿರಿಯ ಮೇಡಂ ಒಬ್ಬರು ಅವಳಿಗೆ ಪಕ್ಕದಲ್ಲೇ ನಿಂತು ಕೆಲಸ ಕಲಿಸಿದ್ದರು. ಕೊನೆಯ ದಿನ ಮಗಳು ‘ಥ್ಯಾಂಕ್ಸ್ ಮೇಡಂ’ ಎಂದು ಹೇಳಿ ಬಸ್ಸು ಹತ್ತಿದಳು. ಆಮೇಲೆ ದೀಪಾವಳಿಗೆ, ಪೊಂಗಲ್‌ಗೆ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸುವ ಹೂವಿನ ಚಿತ್ರವನ್ನು ಅವರಿಗೂ ಕಳಿಸಿದಳು. ಬೇರೇನೂ ಬರೆಯಲಿಲ್ಲ. ಒಂದೂವರೆ ವರ್ಷದ ನಂತರ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವಾಗ, ಲ್ಯಾಬಿನಲ್ಲಿ ಇವಳ ಕೆಲಸ ಕಂಡವರ ಶಿಫಾರಸು ಪತ್ರ ಬೇಕಾಯಿತು. ಕೊನೆಯ ದಿನಾಂಕಕ್ಕೆ ಹತ್ತು ದಿನ ಇರುವಾಗ ಮೇಡಂಗೆ ಬರೆದಳು. ಅವರ ಉತ್ತರ ಬಹಳ ಸೌಜನ್ಯದ್ದು: ‘ನೀನು ಯಾವ ಬ್ಯಾಚಿನವಳಮ್ಮ?’

ಅವರದು ತಪ್ಪಲ್ಲ. ವರ್ಷಕ್ಕೆ ಹತ್ತಾರು ಮಕ್ಕಳು ಬಂದುಹೋಗುವ ಜಾಗ ಅದು. ಎಲ್ಲರೂ ಥ್ಯಾಂಕ್ಸ್ ಹೇಳಿಯೇ ಹೋಗುತ್ತಾರೆ. ನೆನಪಿಟ್ಟುಕೊಳ್ಳಲು ಮಗಳು ಅವರಿಗೆ ಏನನ್ನೂ ಕೊಟ್ಟಿರಲಿಲ್ಲ.

ಮಗನ ಸರದಿ ಬಂದಾಗ ಅವನು ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷ ಮುಗಿಸಿದ್ದ. ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಹೊಸೂರಿನ ಒಂದು ಮಷಿನ್ ಶಾಪಿನಲ್ಲಿ ತರಬೇತಿ. ಅಲ್ಲಿ ಅವನನ್ನು ನೋಡಿಕೊಂಡವರು ತಮಿಳು ಮನೆಮಾತಿನ ಒಬ್ಬ ಸೂಪರ್‌ವೈಸರ್. ಶನಿವಾರ ತರಬೇತಿ ಮುಗಿಸಿ ಮಗ ಊರಿಗೆ ಬಂದ. ಭಾನುವಾರ ಬೆಳಿಗ್ಗೆ ನಾನೇ ಕೇಳಿದೆ: ‘ಆ ಸಾರ್‌ಗೆ ಏನಾದ್ರೂ ಬರೆದ್ಯಾ?’

‘ಬರೆದಿದ್ದೀನಪ್ಪಾ, ಕಳಿಸೋದೊಂದು ಬಾಕಿ’ ಎಂದು ಮೊಬೈಲ್ ತೋರಿಸಿದ. ಹತ್ತು ಸಾಲಿನ ಇಂಗ್ಲಿಷ್. ತಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ ಹೃತ್ಪೂರ್ವಕ ಕೃತಜ್ಞತೆ, ಈ ಅನುಭವ ನನ್ನ ವೃತ್ತಿಜೀವನದಲ್ಲಿ ಮೈಲಿಗಲ್ಲು, ಮುಂದೆ ತಮ್ಮ ಸಂಸ್ಥೆಯಲ್ಲಿ ಅವಕಾಶವಿದ್ದರೆ ದಯವಿಟ್ಟು ಪರಿಗಣಿಸಿ ಎಂಬ ಅರ್ಥದ ಸಾಲುಗಳು. ಸ್ನೇಹಿತನೊಬ್ಬ ಕಳಿಸಿದ ಮಾದರಿಯಂತೆ. ತಪ್ಪಿಲ್ಲದ ಇಂಗ್ಲಿಷ್. ಆದರೆ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರೆ ಅದನ್ನು ಕೊಯಮತ್ತೂರಿನ ಮೇಡಂಗೂ ಕಳಿಸಬಹುದಿತ್ತು, ಬ್ಯಾಂಕಿನ ಮ್ಯಾನೇಜರಿಗೂ ಕಳಿಸಬಹುದಿತ್ತು.

ನೀವೂ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಹೆಸರು ಮುಚ್ಚಿ ಓದಿ. ಬೇರೆ ಯಾರಿಗಾದರೂ ಹೊಂದುವ ಪತ್ರವಾದರೆ, ಅದು ಇವರಿಗೆ ಬರೆದ ಪತ್ರ ಆಗಿಲ್ಲ. ಇದನ್ನು ಕಂಡುಹಿಡಿಯಲು ನಿಮಗೆ ಇಂಗ್ಲಿಷಾಗಲಿ ಮಗುವಿನ ಓದಿನ ವಿಷಯವಾಗಲಿ ಗೊತ್ತಿರಬೇಕಾಗಿಲ್ಲ. ಮಗುವಿನಿಂದಲೇ ಅರ್ಥ ಹೇಳಿಸಿದರೆ ಸಾಕು.

ಪತ್ರವನ್ನು ನಾನು ಬರೆದುಕೊಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ‘ಅವರು ನಿನಗೆ ಹೇಳಿಕೊಟ್ಟಿದ್ದರಲ್ಲಿ, ಪುಸ್ತಕದಲ್ಲಿ ಇದ್ದರೂ ನಿನಗೆ ತಲೆಗೆ ಹತ್ತದೆ ಇದ್ದದ್ದು ಯಾವುದು?’ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಸಂಗತಿ ಹೇಳಿದ.

ಅವನನ್ನು ಹಾಕಿದ್ದು ಸಿಎನ್‌ಸಿ ಲೇತಿನ ಪಕ್ಕ. 30 ಮಿಲಿಮೀಟರ್ ವ್ಯಾಸದ ಒಂದು ಉಕ್ಕಿನ ಪೀಸ್ ಅಲ್ಲಿ ತಯಾರಾಗುತ್ತಿತ್ತು. ಅಳತೆ 29.990ಕ್ಕಿಂತ ಕಡಿಮೆಯಾಗಬಾರದು, 30.000ಕ್ಕಿಂತ ಹೆಚ್ಚಾಗಬಾರದು. ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ ಸಡಿಲು. ಮಗ ಮಷಿನ್ನಿನಿಂದ ಆಗತಾನೇ ಇಳಿದ ಪೀಸನ್ನು ಡಿಜಿಟಲ್ ಮೈಕ್ರೋಮೀಟರಿನಲ್ಲಿ ಅಳೆದ. 30.003 ಎಂದು ತೋರಿಸಿತು. ಹೆಚ್ಚಾಗಿದೆ ಎಂದುಕೊಂಡು, ಆಪರೇಟರ್‌ಗೆ ಹೇಳಿ ಟೂಲಿನ ಆಫ್‌ಸೆಟ್ಟನ್ನು ನೂರನೇ ಒಂದು ಭಾಗ ಒಳಗೆ ತರಿಸಿದ. ಆಮೇಲಿನ ಪೀಸುಗಳು 29.993 ತೋರಿಸಿದವು. ಸರಿಹೋಯಿತು ಎಂದು ಮುಂದುವರಿದರು. ಹನ್ನೊಂದು ಪೀಸ್ ಆದ ಮೇಲೆ ಸೂಪರ್‌ವೈಸರ್ ಬಂದರು. ತಣ್ಣಗಾಗಿದ್ದ ಒಂದನ್ನು ಎತ್ತಿ ಅಳೆದರು. 29.986. ಹನ್ನೊಂದೂ ಕೆಟ್ಟಿದ್ದವು.

ಆದದ್ದು ಇಷ್ಟೇ. ಕಡೆಯುವಾಗ ಉಕ್ಕು ಬಿಸಿಯಾಗುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ. 30 ಮಿಲಿಮೀಟರಿನ ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 7 ಮೈಕ್ರಾನ್, ಅಂದರೆ 0.007 ಮಿಲಿಮೀಟರ್ ಹಿಗ್ಗಿರುತ್ತದೆ. ಮೊದಲನೇ ಪೀಸ್ ನಿಜಕ್ಕೂ 29.996 ಇತ್ತು, ಸರಿಯಾಗಿಯೇ ಇತ್ತು. ಸರಿ ಇದ್ದುದನ್ನು ಮಗ ಕೆಡಿಸಿದ್ದ. ಸೂಪರ್‌ವೈಸರ್ ಬೈಯಲಿಲ್ಲ. ಬಿಸಿ ಪೀಸೊಂದನ್ನು ಅಳೆಸಿ, ಅದನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು, ‘ಟೀ ಕುಡಿದು ಬಾ, ಮತ್ತೆ ಅಳೆ’ ಎಂದರಂತೆ. ಬಂದು ಅಳೆದಾಗ 7 ಮೈಕ್ರಾನ್ ಇಳಿದಿತ್ತು. ‘ಪುಸ್ತಕದಲ್ಲಿ ಸೂತ್ರ ಇತ್ತಪ್ಪಾ, ಪರೀಕ್ಷೇಲಿ ಲೆಕ್ಕಾನೂ ಮಾಡಿದ್ದೆ. ಆದ್ರೆ ಅದು ನನ್ನ ಕೈಯಲ್ಲಿರೋ ಪೀಸಿಗೂ ಅನ್ವಯಿಸುತ್ತೆ ಅಂತ ಹೊಳೆದಿರ್ಲಿಲ್ಲ’ ಎಂದ ಮಗ.

‘ಇದನ್ನೇ ಬರಿ’ ಎಂದೆ. ‘ಇಂಗ್ಲಿಷಲ್ಲಿ ಇಷ್ಟೆಲ್ಲ ಹೆಂಗೆ ಬರೀಲಿ?’ ಎಂದ. ‘ಮೊದಲು ಕನ್ನಡದಲ್ಲಿ ಬರಿ’ ಎಂದೆ. ಅವನು ಬರೆದ ಪತ್ರ ಇದು:

‘ಸಾರ್, ವಣಕ್ಕಂ. ಶನಿವಾರ ತರಬೇತಿ ಮುಗಿಸಿ ಊರು ತಲುಪಿದೆ. ಎರಡನೇ ವಾರ ನಾನು ಪೀಸ್ ಬಿಸಿ ಇರುವಾಗಲೇ ಅಳೆದು ತಪ್ಪು ಮಾಡಿದ್ದೆ. ನೀವು ಬೈಯದೆ, ಟೀ ಕುಡಿದು ಬಂದು ಮತ್ತೆ ಅಳೆಯಲು ಹೇಳಿದಿರಿ. 7 ಮೈಕ್ರಾನ್ ಕಡಿಮೆ ತೋರಿಸಿದಾಗ ನನಗೆ ವಿಷಯ ಅರ್ಥವಾಯಿತು. ಆಮೇಲಿನ ಎರಡು ವಾರ ಪ್ರತಿ ಪೀಸನ್ನೂ ಮುಟ್ಟಿ ನೋಡಿ, ತಣಿದ ಮೇಲೆಯೇ ಅಳೆದೆ. ಅದಕ್ಕೆ ನಿಮಗೆ ಧನ್ಯವಾದ. ಮುಂದಿನ ಸೆಮಿಸ್ಟರಿನಲ್ಲಿ ನಮಗೆ ಕಾಲೇಜಿನ ಲೇತಿನಲ್ಲಿ ಕೆಲಸವಿದೆ. ಅಲ್ಲಿ ಅಲ್ಯೂಮಿನಿಯಂ ಸರಳಿನ ಮೇಲೆ ಇದೇ ಪರೀಕ್ಷೆ ಮಾಡಿ, ಎಷ್ಟು ವ್ಯತ್ಯಾಸ ಬಂತೆಂದು ನಿಮಗೆ ತಿಳಿಸುತ್ತೇನೆ. ಪಕ್ಕದ ಮಷಿನ್ನಿನ ಅಣ್ಣನಿಗೂ ನನ್ನ ನಮಸ್ಕಾರ ಹೇಳಿ.’

ಇಷ್ಟೇ. ಇದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹೇಳಿಕೊಟ್ಟವರು ತಾವೇ ಮರೆತಿರಬಹುದಾದ ಒಂದು ಗಳಿಗೆ ಇದರಲ್ಲಿದೆ. ಪತ್ರ ಓದಿದ ಕೂಡಲೇ ಅವರಿಗೆ ಆ ಹುಡುಗನ ಮುಖ, ಆ ದಿನ, ಆ ಟೀ ನೆನಪಾಗುತ್ತದೆ. ಹೇಳಿಕೊಟ್ಟ ಮೇಲೆ ಹುಡುಗ ಏನು ಬದಲಾಯಿಸಿಕೊಂಡ ಎಂಬುದೂ ಇದೆ. ಕಲಿಸುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ. ಕೊನೆಯಲ್ಲಿ ಒಂದು ಸಣ್ಣ ಮಾತು ಕೊಟ್ಟಿದ್ದಾನೆ: ಇಂಥದ್ದನ್ನು ಮಾಡಿ ತಿಳಿಸುತ್ತೇನೆ ಎಂದು. ಸಂಬಂಧ ಉಳಿಯುವುದು ಈ ಸಾಲಿನಿಂದ. ‘ಸಂಪರ್ಕದಲ್ಲಿರುತ್ತೇನೆ’ ಎಂದು ಬರೆದರೆ ಯಾವಾಗ, ಯಾವ ನೆಪದಲ್ಲಿ ಎಂದು ಮಗುವಿಗೇ ತಿಳಿಯದು. ತಿಂಗಳು ಕಳೆದಂತೆ ಸಂಕೋಚ ಬೆಳೆಯುತ್ತದೆ. ಕಾರಣವಿಟ್ಟುಕೊಂಡು ಬರೆದರೆ ಮುಂದಿನ ಪತ್ರಕ್ಕೆ ಬಾಗಿಲು ಆಗಲೇ ತೆರೆದಿರುತ್ತದೆ.

ಇನ್ನು ಇಲ್ಲದಿರುವುದು. ಕೆಲಸ ಕೊಡಿ ಎಂಬ ಕೋರಿಕೆ ಇಲ್ಲ. ಮೊದಲಿನ ಇಂಗ್ಲಿಷ್ ಪತ್ರದಲ್ಲಿ ಆ ಸಾಲಿತ್ತು. ಕೃತಜ್ಞತೆಯ ಕೊನೆಗೆ ಕೋರಿಕೆ ಸೇರಿದರೆ, ಓದುವವರಿಗೆ ಮೇಲಿನ ಸಾಲುಗಳೆಲ್ಲ ಪೀಠಿಕೆಯಾಗಿ ಕಾಣುತ್ತವೆ. ಅವರಿಗೆ ಕೊಡಲು ಆಗದಿದ್ದರೆ ಉತ್ತರ ಬರೆಯುವುದೇ ಕಷ್ಟವಾಗಿ ಸುಮ್ಮನಾಗುತ್ತಾರೆ. ಕೇಳುವ ಕಾಲ ಬೇರೆ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಇಲ್ಲದ ಇನ್ನೊಂದು ಸಂಗತಿ, ಹನ್ನೊಂದು ಪೀಸ್ ಕೆಟ್ಟ ಲೆಕ್ಕ. ಮಗ ಮೊದಲು ಅದನ್ನೂ ಬರೆದಿದ್ದ. ನಾನು ಬೇಡವೆಂದೆ. ಸಂತೋಷದಿಂದ ಸೂಪರ್‌ವೈಸರ್ ಆ ಪತ್ರವನ್ನು ತಮ್ಮ ಮೇಲಿನವರಿಗೆ ತೋರಿಸಬಹುದು. ಆಗ ‘ಹುಡುಗನ ಮಾತು ಕೇಳಿ ಆಫ್‌ಸೆಟ್ ಬದಲಿಸಿದವರು ಯಾರು?’ ಎಂಬ ಪ್ರಶ್ನೆ ಆಪರೇಟರ್ ಮೇಲೆ ಬೀಳಬಹುದು. ಹಾಗೆಯೇ ಪೀಸಿನ ಹೆಸರು, ಡ್ರಾಯಿಂಗಿನ ಫೋಟೊ, ಅದು ಯಾವ ಕಂಪನಿಗೆ ಹೋಗುತ್ತದೆ ಎಂಬ ವಿವರ ಯಾವುದೂ ಪತ್ರದಲ್ಲಿ ಇರಬಾರದು. ಇವು ಕಾರ್ಖಾನೆಯ ಗುಟ್ಟುಗಳು. ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಮಗುವಾದರೆ ರೋಗಿಯ ಹೆಸರು, ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದ ಮಗುವಾದರೆ ಕಕ್ಷಿದಾರರ ವ್ಯವಹಾರ ಬರಬಾರದು. ಹೇಳಿಕೊಟ್ಟವರಿಗೆ ತೊಂದರೆ ತರುವ ಧನ್ಯವಾದ ಯಾರಿಗೂ ಬೇಡ.

ಭಾಷೆಯ ಮಾತಿಗೆ ಬರುತ್ತೇನೆ, ಏಕೆಂದರೆ ಗಡಿಯಲ್ಲಿರುವ ನಮಗೆ ತೊಡಕು ಇರುವುದೇ ಅಲ್ಲಿ. ಕಾಸರಗೋಡಿನ ಮಗು ಕಣ್ಣೂರಿಗೆ ಹೋಗುತ್ತದೆ, ಅಕ್ಕಲಕೋಟೆಯ ಮಗು ಸೊಲ್ಲಾಪುರಕ್ಕೆ, ನಮ್ಮ ಮಗು ಹೊಸೂರಿಗೆ. ಹೇಳಿಕೊಡುವವರ ಭಾಷೆ ಮಲಯಾಳ, ಮರಾಠಿ ಅಥವಾ ತಮಿಳು. ಮಕ್ಕಳಿಗೆ ಆ ಭಾಷೆ ಮಾತಾಡಲು ಬಂದರೂ ಎಷ್ಟೋ ಸಲ ಬರೆಯುವ ಧೈರ್ಯ ಇರುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ತಿಳಿದಷ್ಟು ಪದಗಳಿಗೆ ತಕ್ಕಂತೆ ವಿಷಯವನ್ನೇ ಕತ್ತರಿಸುತ್ತಾರೆ. ಟೀ, ಸರ್ಫೇಸ್ ಪ್ಲೇಟು, 7 ಮೈಕ್ರಾನ್ ಎಲ್ಲವೂ ಬಿಟ್ಟುಹೋಗಿ ‘ಅಮೂಲ್ಯ ಮಾರ್ಗದರ್ಶನ’ ಮಾತ್ರ ಉಳಿಯುವುದು ಹೀಗೆ. ಅದಕ್ಕೇ ಮೊದಲ ಬರಹ ಕನ್ನಡದಲ್ಲಾಗಲಿ. ಹೇಳಬೇಕಾದದ್ದು ಪೂರ್ತಿ ಕಾಗದದ ಮೇಲೆ ಬಂದ ಮೇಲೆ ಸಾಲುಸಾಲಾಗಿ ಇನ್ನೊಂದು ಭಾಷೆಗೆ ತರಬಹುದು.

ಯಾವ ಭಾಷೆಗೆ? ನಾಲ್ಕು ವಾರ ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ ಅದಕ್ಕೆ ಹತ್ತಿರವಾದದ್ದಕ್ಕೆ. ಸೂಪರ್‌ವೈಸರ್ ಇಂಗ್ಲಿಷ್ ಓದುತ್ತಿದ್ದರು. ಮಗ ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷಿಗೆ ತಂದು, ಮೊದಲ ಸಾಲನ್ನೂ ಕೊನೆಯ ಸಾಲನ್ನೂ ತಮಿಳಿನಲ್ಲೇ ಬರೆದ. ಆ ಎರಡು ಸಾಲಿನ ಅಕ್ಷರ ಸರಿ ಇದೆಯೇ ಎಂದು ಹಾಸ್ಟೆಲಿನ ತಮಿಳು ಗೆಳೆಯನಿಗೆ ತೋರಿಸಿದ. ಇಂಗ್ಲಿಷಿನಲ್ಲಿ ಒಂದೆರಡು ತಪ್ಪು ಇದ್ದವು. ನಾವು ಹಾಗೆಯೇ ಬಿಟ್ಟೆವು. ಅರ್ಥ ಕೆಡದ ಸಣ್ಣ ತಪ್ಪಿನಿಂದ ನಷ್ಟವಿಲ್ಲ. ನಾಲ್ಕು ವಾರ ಮಾತು ಕೇಳಿದವರಿಗೆ, ಮಗುವಿನ ಬಾಯಲ್ಲಿ ಬರದ ದೊಡ್ಡ ಇಂಗ್ಲಿಷ್ ಬಂದರೆ ಅದು ಯಾರದೋ ಎಂದು ಕೂಡಲೇ ತಿಳಿಯುತ್ತದೆ.

ಸೋಮವಾರ ಸಂಜೆ ಶಿಫ್ಟ್ ಮುಗಿಯುವ ಹೊತ್ತಿಗೆ ಕಳಿಸಿದ. ಮುಗಿದ ಎರಡು ಮೂರು ದಿನದೊಳಗೆ ಹೋಗುವುದು ಒಳ್ಳೆಯದು, ನೆನಪು ಇಬ್ಬರಿಗೂ ಹಸಿಯಾಗಿರುತ್ತದೆ. ಕಂಪನಿಗೆ, ತರಬೇತಿಗೆ ಅವಕಾಶ ಕೊಟ್ಟದ್ದಕ್ಕೆ ಔಪಚಾರಿಕವಾದ ಪತ್ರ ಬೇಕಾದರೆ ಅದು ಬೇರೆ ಇರಲಿ. ಹೇಳಿಕೊಟ್ಟವರದು ಅವರೊಬ್ಬರಿಗೇ ಹೋಗಬೇಕು. ಕೊನೆಯ ದಿನವೇ ಅವರ ಸ್ವಂತ ನಂಬರ್ ಅಥವಾ ಸ್ವಂತ ಮೇಲ್ ವಿಳಾಸವನ್ನು, ‘ಸಾರ್, ಆಮೇಲೆ ಬರೆಯಬಹುದಾ?’ ಎಂದು ಕೇಳಿಯೇ ಪಡೆದುಕೊಳ್ಳಲು ಮಗುವಿಗೆ ಹೇಳಿಡಿ. ಕಂಪನಿಯ ಮೇಲ್ ನಂಬಿದರೆ, ಅವರು ಕೆಲಸ ಬದಲಿಸಿದ ದಿನ ದಾರಿ ಮುಚ್ಚುತ್ತದೆ. ಶರ್ಟಿನ ಬಟ್ಟೆ, ಸ್ವೀಟ್ ಬಾಕ್ಸ್ ಕೊಡಿಸುವ ಆಸೆ ನಿಮಗೆ ಬರಬಹುದು. ಅದನ್ನು ಬಿಟ್ಟುಬಿಡಿ. ಸರ್ಟಿಫಿಕೇಟಿಗೆ ಸಹಿ ಮಾಡುವವರಿಗೆ ಉಡುಗೊರೆ ಮುಜುಗರ ತರುತ್ತದೆ.

ಸೂಪರ್‌ವೈಸರಿಂದ ಬಂದ ಉತ್ತರ ಒಂದು ಕೈಮುಗಿದ ಚಿತ್ರ ಮಾತ್ರ. ಮಗನಿಗೆ ಸ್ವಲ್ಪ ನಿರಾಸೆಯಾಯಿತು. ಆದರೆ ದಿನವಿಡೀ ಮಷಿನ್ನಿನ ಮುಂದೆ ನಿಲ್ಲುವವರಿಂದ ಮೊದಲ ಪತ್ರಕ್ಕೆ ಅಷ್ಟೇ ಬರುವುದು ಸಹಜ. ಕೆಲವರಿಂದ ಅದೂ ಬರುವುದಿಲ್ಲ.

ಕೆಲಸ ನಡೆಯುವುದು ಎರಡನೇ ಪತ್ರದಲ್ಲಿ. ಸೆಪ್ಟೆಂಬರಿನಲ್ಲಿ ಮಗನಿಗೆ ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಸಿಕ್ಕಿತು. ಅಲ್ಯೂಮಿನಿಯಂ ಸರಳನ್ನು 30 ಮಿಲಿಮೀಟರಿಗೆ ಕಡೆದು, ಬೆಚ್ಚಗಿರುವಾಗಲೇ ಒಮ್ಮೆ, ಅರ್ಧ ಗಂಟೆಯ ಮೇಲೆ ಒಮ್ಮೆ ಅಳೆದ. ಅಲ್ಲಿಯ ಮೈಕ್ರೋಮೀಟರ್ ಹಳೆಯದು, ಒಂದು ಗೆರೆಗೆ ನೂರನೇ ಒಂದು ಭಾಗ. ಸರಿಯಾಗಿ ಒಂದು ಗೆರೆ ಇಳಿದಿತ್ತು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, 15 ಡಿಗ್ರಿ ವ್ಯತ್ಯಾಸಕ್ಕೇ ಅಷ್ಟಾಗುತ್ತದೆ. ಮಗ ನಾಲ್ಕು ಸಾಲು ಬರೆದ: ‘ಜೂನಿನಲ್ಲಿ ಹೇಳಿದ್ದೆನಲ್ಲ ಸಾರ್, ಮಾಡಿ ನೋಡಿದೆ. ಅಲ್ಯೂಮಿನಿಯಂನಲ್ಲಿ ಒಂದು ಗೆರೆ ಬಂತು. ನನ್ನ ಜೊತೆಯ ಇಬ್ಬರಿಗೂ ತೋರಿಸಿದೆ. ನೀವು ಹೇಳಿದ ಹಾಗೆ ಮುಟ್ಟಿ ನೋಡಿಯೇ ಅಳೆಯುತ್ತಿದ್ದೇವೆ.’

ಈ ಸಲ ಉತ್ತರ ಅದೇ ರಾತ್ರಿ ಬಂತು. ಒಂದೇ ಸಾಲು: ‘ಮೈಕ್ರೋಮೀಟರನ್ನು ಅಷ್ಟು ಹೊತ್ತೂ ಕೈಯಲ್ಲೇ ಹಿಡಿದುಕೊಂಡಿದ್ದೆಯಾ? ಅದೂ ಬಿಸಿಯಾಗುತ್ತೆ, ಗೊತ್ತಾ?’

ಮಗ ಹಿಡಿದುಕೊಂಡೇ ಇದ್ದ! ಅಂಗೈಯ ಬಿಸಿಗೆ ಅಳತೆ ಸಾಧನವೂ ಹಿಗ್ಗಿ ಅಳತೆಯನ್ನು ಸ್ವಲ್ಪ ಬದಲಿಸುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮಾರನೇ ವಾರ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮತ್ತೆ ಅಳೆದು ಬರೆದ. ಇಲ್ಲಿಗೆ, ‘ನಿಮ್ಮಿಂದ ಕಲಿತೆ’ ಎನ್ನುವ ಮಾತು ‘ನಿಮ್ಮಿಂದ ಕಲಿಯುತ್ತಿದ್ದೇನೆ’ ಎಂದಾಯಿತು. ಆ ಹಿರಿಯರು ಪ್ರಶ್ನೆ ಕೇಳಿದರು ಎಂದರೆ, ಹುಡುಗನನ್ನು ಇನ್ನೂ ತಮ್ಮ ಕೈಕೆಳಗಿನವನೆಂದೇ ಎಣಿಸಿದ್ದಾರೆ ಎಂದರ್ಥ. ಪತ್ರ ಚಿಕ್ಕದಾಗಿದ್ದು, ಒಂದು ಸಾಲಿನಲ್ಲಿ ಉತ್ತರಿಸಬಹುದಾದದ್ದಾಗಿದ್ದರೆ ಮಾತ್ರ ಇದು ಸಾಧ್ಯ. ಎರಡು ಪುಟ ಬರೆದರೆ ‘ಬಿಡುವಾದಾಗ ಉತ್ತರಿಸೋಣ’ ಎಂದು ಪಕ್ಕಕ್ಕಿಡುತ್ತಾರೆ, ಆ ಬಿಡುವು ಬರುವುದಿಲ್ಲ.

ಎರಡನೆಯದಕ್ಕೂ ಉತ್ತರ ಬಾರದಿದ್ದರೆ? ಒತ್ತಾಯಿಸುವುದು ಬೇಡ. ‘ನೋಡಿದಿರಾ ಸಾರ್?’ ಎಂದು ಕೇಳುವುದೂ ಬೇಡ. ಓದು ಮುಗಿದಾಗ ‘ಪಾಸಾದೆ, ನಿಮ್ಮ ನೆನಪಾಯಿತು’ ಎಂದು ಇನ್ನೊಂದು ಸಾಲು ಬರೆದು ಅಲ್ಲಿಗೆ ಬಿಡಲಿ. ಎಲ್ಲ ಸಂಬಂಧವೂ ಉಳಿಯುವುದಿಲ್ಲ. ಮಗುವಿನ ಕಡೆಯಿಂದ ಆಗಬೇಕಾದದ್ದು ಆಗಿರುತ್ತದೆ.

ಇನ್ನು ಕೇಳುವ ಕಾಲ. ಡಿಪ್ಲೊಮಾ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷ ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಅದಕ್ಕೆ ‘ನ್ಯಾಟ್ಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಆದರೆ ಯಾವ ಕಾರ್ಖಾನೆಯವರು ಯಾವಾಗ ತೆಗೆದುಕೊಳ್ಳುತ್ತಾರೆ ಎಂಬುದು ಒಳಗಿರುವವರಿಗೆ ಮೊದಲು ತಿಳಿಯುತ್ತದೆ. ಕೊನೆಯ ವರ್ಷದ ಫೆಬ್ರವರಿಯಲ್ಲಿ ಮಗ ಮೂರನೇ ಪತ್ರ ಬರೆದ. ಅದರಲ್ಲಿ ಧನ್ಯವಾದ ಬೆರೆಸಲಿಲ್ಲ, ಸುತ್ತಿ ಬಳಸಲಿಲ್ಲ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿಯುತ್ತದೆ, ಅಪ್ರೆಂಟಿಸ್ ತರಬೇತಿಗೆ ಸೇರಬೇಕೆಂದಿದ್ದೇನೆ, ನಿಮ್ಮಲ್ಲಿ ಈ ವರ್ಷ ತೆಗೆದುಕೊಳ್ಳುತ್ತಾರೆಯೇ, ಇಲ್ಲವಾದರೆ ‘ಇಲ್ಲ’ ಎಂದು ಹೇಳಿದರೂ ಸಾಕು ಎಂದು ಕೇಳಿದ. ಇಲ್ಲ ಎನ್ನಲು ಅವರಿಗೆ ಸುಲಭ ಮಾಡಿಕೊಡುವುದು ಮುಖ್ಯ. ಇಲ್ಲ ಎಂದ ಮೇಲೂ ಅವರು ಮತ್ತೆ ಮಾತಾಡುವಂತಿರಬೇಕು.

ಅವರು ಇಲ್ಲ ಎಂದೇ ಬರೆದರು. ಅವರ ಶಾಪಿನಲ್ಲಿ ಆ ವರ್ಷ ಯಾರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಜೊತೆಗೆ ಅದೇ ಕೈಗಾರಿಕಾ ಪ್ರದೇಶದ ಇನ್ನೊಂದು ಕಾರ್ಖಾನೆಯ ಹೆಸರು ಬರೆದು, ‘ಅಲ್ಲಿ ಅರ್ಜಿ ಹಾಕು, ಯಾರ ಹತ್ತಿರ ಕೆಲಸ ಕಲಿತೆ ಅಂದರೆ ನನ್ನ ಹೆಸರು, ನಂಬರ್ ಕೊಡು’ ಎಂದರು. ಮಗ ಅರ್ಜಿ ಹಾಕಿದ. ಸಂದರ್ಶನಕ್ಕೆ ಕರೆ ಬಂತು. ಮುಂದಿನದು ಅವನ ಕೈಚಳಕಕ್ಕೆ ಬಿಟ್ಟದ್ದು. ಆದರೆ ಈ ಸಲ ‘ನೀನು ಯಾವ ಬ್ಯಾಚ್?’ ಎಂದು ಯಾರೂ ಕೇಳಲಿಲ್ಲ.

ಮಗಳೂ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಕೊಯಮತ್ತೂರಿನ ಮೇಡಂಗೆ ತಾನಾಗಿಯೇ ಬರೆದಳು. ಏನನ್ನೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ಅವರು ಸ್ಲೈಡಿಗೆ ಬಣ್ಣ ಹಾಕುವುದನ್ನು ಕೈಹಿಡಿದು ತಿದ್ದಿದ ಒಂದು ಮಧ್ಯಾಹ್ನದ ಬಗ್ಗೆ, ಈಗ ತಾನು ಅದೇ ರೀತಿ ಕಿರಿಯರಿಗೆ ತೋರಿಸುತ್ತಿರುವ ಬಗ್ಗೆ ಆರು ಸಾಲು ಬರೆದಳು. ತಡವಾಗಿತ್ತು, ಆದರೂ ಮೇಡಂ ಉತ್ತರ ಬರೆದರು. ‘ಓ, ಆ ಕನ್ನಡದ ಹುಡುಗಿ ನೀನೇನಾ?’ ಎಂದು.